ದೇವಿಮನೆ ಘಟ್ಟದ 48 ಸೆಕೆಂಡು: ಒಂದು ಡ್ಯಾಶ್‌ಕ್ಯಾಮ್ ಕ್ಲಿಪ್ಪಿನಲ್ಲಿ ನಂಬರು ಮುಚ್ಚಿದ ಕಥೆ

ಭಾವ ಕುಮಟಾದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಮಳೆಗಾಲದ ಒಂದು ಮಧ್ಯಾಹ್ನ ಶಿರಸಿಯಿಂದ ವಾಪಸ್ ಹೋಗುವಾಗ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಅವರ ಮುಂದೆ ಒಂದು ಲಾರಿ ಇತ್ತು. ಲಾರಿಯ ಮುಂದೆ ಒಂದು ಬೈಕು. ಎದುರು ಏನೂ ಕಾಣದ ತಿರುವಿನಲ್ಲಿ ಲಾರಿಯವನು ಬೈಕನ್ನು ಹಿಂದೆ ಹಾಕಲು ಬಲಕ್ಕೆ ಎಳೆದ. ಎದುರಿನಿಂದ ಕಾರು ಬಂತು. ಲಾರಿ ತಟ್ಟನೆ ಎಡಕ್ಕೆ ತಿರುಗಿತು, ಬೈಕಿನವನು ರಸ್ತೆ ಬಿಟ್ಟು ಕೆಸರಿಗೆ ಇಳಿದ. ಬಿದ್ದ, ಎದ್ದ, ಏನೂ ಆಗಲಿಲ್ಲ. ಇಷ್ಟೂ ಭಾವನ ಡ್ಯಾಶ್‌ಕ್ಯಾಮಿನಲ್ಲಿ ದಾಖಲಾಯಿತು.

ಸಂಜೆ ಫೋನ್ ಬಂತು. "ತಮ್ಮಾ, ಇದನ್ನು ಊರಿನ ಗ್ರೂಪಿಗೆ ಹಾಕಬೇಕು. ಆ ತಿರುವಿನಲ್ಲಿ ಕನ್ನಡಿಯಾದರೂ ಹಾಕಿಸಲಿ. ನಂಬರೆಲ್ಲ ಮುಚ್ಚಿ ಕೊಡು ಮಾರಾಯ."

ನಂಬರು ಮುಚ್ಚುವ ಬುದ್ಧಿ ಭಾವನಿಗೆ ಸುಮ್ನೆ ಬಂದದ್ದಲ್ಲ. ಹಿಂದೊಮ್ಮೆ ಅವರ ಪರಿಚಯದವರೊಬ್ಬರ ಕಾರು ಯಾರದ್ದೋ ಕ್ಲಿಪ್ಪಿನ ಮೂಲೆಯಲ್ಲಿ ಕಾಣಿಸಿಕೊಂಡಿತ್ತು. ತಪ್ಪು ಮಾಡಿದ್ದು ಬೇರೆ ಗಾಡಿ. ಆದರೂ ವಾರಗಟ್ಟಲೆ ಬೈಗುಳ ತಿಂದದ್ದು ಇವರು. ನಮ್ಮ ಕ್ಲಿಪ್ಪಿನಲ್ಲಂತೂ ಮಾತು ಇದ್ದದ್ದು ತಿರುವಿನ ಬಗ್ಗೆ, ಲಾರಿಯವನ ಬಗ್ಗೆ ಅಲ್ಲ. ಅವನ ವಿಷಯ ಪೊಲೀಸರಿಗೆ, ಅದೂ ಮೂಲ ಫೈಲಿನ ಜೊತೆ.

ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ವಿಡಿಯೋದಲ್ಲಿ ವಸ್ತು ಗುರುತಿಸುವ ಮಾಡೆಲ್‌ಗಳ ಜೊತೆ ದಿನಾ ಒಡನಾಟ. ಹಾಗಾಗಿ ಇದು ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಮೂರು ಸಂಜೆ ಹೋಯಿತು. ಎಲ್ಲಿ ಹೋಯಿತು ಅನ್ನುವುದೇ ಈ ಬರಹ.

ಮೊದಲು ಕೈಯಿಂದ ಎಣಿಕೆ

ಯಾವ ಪ್ರೋಗ್ರಾಮನ್ನೂ ಓಡಿಸುವ ಮೊದಲು ಕ್ಲಿಪ್ಪನ್ನು ಒಂದೊಂದೇ ಫ್ರೇಮಾಗಿ ನೋಡಿದೆ. 48 ಸೆಕೆಂಡು, ಸೆಕೆಂಡಿಗೆ 30 ಫ್ರೇಮ್, ಒಟ್ಟು 1440. ಚಿತ್ರದ ಅಗಲ 1920 ಪಿಕ್ಸೆಲ್. ಅದರಲ್ಲಿ ಒಂಬತ್ತು ವಾಹನ ಸಿಕ್ಕವು. ಎರಡು ತೀರಾ ದೂರ, ನಂಬರು ಯಾವ ಫ್ರೇಮಿನಲ್ಲೂ ಓದಲು ಬರುವುದಿಲ್ಲ. ಉಳಿದ ಏಳರಲ್ಲಿ ಪ್ಲೇಟು ಓದಲು ಬರುವ ಫ್ರೇಮುಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡೆ. ಲಾರಿಯದ್ದು 300. ಬೈಕಿನದ್ದು 60. ಎದುರು ಬಂದ ಎರಡು ಕಾರುಗಳು ತಲಾ 7. ಒಂದು ಆಟೋ 8, ಸಾರಿಗೆ ಬಸ್ಸು 10, ರಸ್ತೆ ಬದಿ ನಿಲ್ಲಿಸಿದ್ದ ಸ್ಕೂಟರು 20. ಒಟ್ಟು 412.

ಈ ಕಾಗದ ಇಲ್ಲದಿದ್ದರೆ ಮುಂದೆ ನಡೆದದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಮುಚ್ಚಿದ ವಿಡಿಯೋವನ್ನು ಓಡಿಸಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಒಂದು ಫ್ರೇಮ್ ಅಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ, ಕಣ್ಣು ಅದನ್ನು ಹಿಡಿಯುವುದಿಲ್ಲ. ಆದರೆ ನೋಡುವವನ ಕೈಯಲ್ಲಿ ನಿಲ್ಲಿಸುವ ಬಟನ್ ಇದೆಯಲ್ವಾ.

ಮೊದಲ ಓಟ

ನಂಬರ್ ಪ್ಲೇಟ್ ಗುರುತಿಸಲು ತರಬೇತಿಯಾದ ಒಂದು ಯೋಲೋ ಮಾಡೆಲ್ ನನ್ನ ಬಳಿ ಇತ್ತು. ಪ್ರತಿ ಫ್ರೇಮನ್ನೂ ಅದಕ್ಕೆ ಕೊಟ್ಟು, ಅದು ತೋರಿಸಿದ ಚೌಕವನ್ನು ಬೂದು ಬಣ್ಣದಿಂದ ತುಂಬಿಸಿದೆ. ಉಳಿದದ್ದೆಲ್ಲ ಅದರ ಮಾಮೂಲಿ ಸೆಟ್ಟಿಂಗ್.

ಕಾಗದಕ್ಕೆ ತಾಳೆ ಹಾಕಿದೆ. 412ರಲ್ಲಿ 381 ಮುಚ್ಚಿದ್ದವು, 31 ತಪ್ಪಿದ್ದವು. ಅಂದರೆ ಶೇಕಡಾ 92ಕ್ಕೂ ಜಾಸ್ತಿ. ಪರೀಕ್ಷೆಯಾಗಿದ್ದರೆ ಡಿಸ್ಟಿಂಕ್ಷನ್ನು.

ಆದರೆ ತಪ್ಪಿದ 31 ಎಲ್ಲೆಲ್ಲಿ ಅಂತ ನೋಡಿದಾಗ ಎದೆ ಝಲ್ ಅಂದಿತು. ಲಾರಿಯಲ್ಲಿ 6, ಬೈಕಿನಲ್ಲಿ 9, ಕಾರುಗಳಲ್ಲಿ ನಾಲ್ಕು ನಾಲ್ಕು, ಆಟೋದಲ್ಲಿ 5, ಬಸ್ಸಿನಲ್ಲಿ 3. ಏಳು ವಾಹನಗಳಲ್ಲಿ ಆರರ ನಂಬರು ಯಾವುದಾದರೂ ಒಂದು ಫ್ರೇಮಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪೂರ್ತಿ ಮುಚ್ಚಿದ್ದು ನಿಂತಿದ್ದ ಸ್ಕೂಟರಿನದ್ದು ಮಾತ್ರ. ಲಾರಿಯನ್ನೇ ತೆಗೆದುಕೊಳ್ಳಿ. 294 ಫ್ರೇಮಿನಲ್ಲಿ ಮುಚ್ಚಿ 6ರಲ್ಲಿ ಬಿಟ್ಟರೆ ಅದು ಶೇಕಡಾ 98 ಮುಚ್ಚಿದ ಲಾರಿ ಅಲ್ಲ. ಅದು ನಂಬರು ಗೊತ್ತಾದ ಲಾರಿ.

ಅಲ್ಲಿಂದ ಮುಂದೆ ಫ್ರೇಮಿನ ಲೆಕ್ಕವನ್ನು ಬದಿಗಿಟ್ಟು "ಎಷ್ಟು ವಾಹನ ಸೋರಿತು" ಅನ್ನುವ ಒಂದೇ ಲೆಕ್ಕ ಇಟ್ಟುಕೊಂಡೆ.

ಪ್ಲೇಟು ಎಷ್ಟು ದೊಡ್ಡದು?

ಮೊದಲ ಕಾರಣ ಹುಡುಕಲು ಅಂಗಳಕ್ಕೆ ಹೋಗಬೇಕಾಯಿತು. ಭಾವನ ಕ್ಯಾಮೆರಾ ತರಿಸಿ, ನಮ್ಮ ಕಾರಿನ ಮುಂದೆ ಟೇಪು ಹಿಡಿದು 5 ಮೀಟರ್ ಅಳೆದು ಫೋಟೋ ತೆಗೆದೆ. ಕಾರಿನ ಮುಂದಿನ ಎಚ್‌ಎಸ್‌ಆರ್‌ಪಿ ಪ್ಲೇಟು 500 ಮಿಲಿಮೀಟರ್ ಅಗಲ, 120 ಎತ್ತರ. ಚಿತ್ರದಲ್ಲಿ ಅದರ ಅಗಲ ಸುಮಾರು 60 ಪಿಕ್ಸೆಲ್ ಬಂತು. ದೂರ ಇಮ್ಮಡಿಯಾದರೆ ಅಗಲ ಅರ್ಧ. ಹಾಗಾಗಿ 10 ಮೀಟರಿಗೆ 30, 3 ಮೀಟರಿಗೆ 100. ಡ್ಯಾಶ್‌ಕ್ಯಾಮಿನ ಲೆನ್ಸು ಅಗಲಕ್ಕೆ ತುಂಬಾ ನೋಡುತ್ತದೆ. ಅದಕ್ಕೇ ಪ್ಲೇಟು ಇಷ್ಟು ಚಿಕ್ಕದಾಗುತ್ತದೆ.

ಈಗ ಯೋಲೋ ಏನು ಮಾಡುತ್ತದೆ ನೋಡಿ. ಮಾಮೂಲಿ ಸೆಟ್ಟಿಂಗಿನಲ್ಲಿ ಅದು ಚಿತ್ರವನ್ನು 640 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿಕೊಂಡು ನೋಡುತ್ತದೆ. ನಮ್ಮ 1920 ಮೂರನೇ ಒಂದಾಗುತ್ತದೆ. 5 ಮೀಟರ್ ದೂರದ 60 ಪಿಕ್ಸೆಲ್ ಪ್ಲೇಟು ಅದಕ್ಕೆ 20 ಅಗಲ, 5 ಎತ್ತರದ ಒಂದು ಬಿಳಿ ಗೀರು. ಮಾಡೆಲಿಗೆ ಅದು ಬಂಪರಿನ ಹೊಳಪೋ ಪ್ಲೇಟೋ ಗೊತ್ತಾಗದು. ಆದರೆ ಹಂಚುವ ವಿಡಿಯೋ 1920 ಅಗಲದ್ದೇ. ಮನುಷ್ಯನಿಗೆ ಅಲ್ಲಿ ಅಕ್ಷರಗಳು ಎಂಟು ಪಿಕ್ಸೆಲ್ ಎತ್ತರ ಇರುತ್ತವೆ, ಕಷ್ಟಪಟ್ಟರೆ ಓದಬಹುದು. ನೋಡುವವನಿಗಿಂತ ಮುಚ್ಚುವವನ ಕಣ್ಣು ಮಂದ ಇದ್ದ ಹಾಗಾಯಿತು.

ಎರಡನೇ ಓಟದಲ್ಲಿ ಆ ಅಗಲವನ್ನು ಹೇಳುವ `imgsz` ಅನ್ನು 1280ಕ್ಕೆ ಏರಿಸಿದೆ. ಜೊತೆಗೆ `conf` ಅನ್ನು 0.25ರಿಂದ 0.10ಕ್ಕೆ ಇಳಿಸಿದೆ. ಈ ಎರಡನೆಯದು ಮಾಡೆಲಿಗೆ ಎಷ್ಟು ಖಾತ್ರಿ ಇದ್ದರೆ ಹೇಳಬೇಕು ಅನ್ನುವ ಗೆರೆ. ಬೇರೆ ಕೆಲಸದಲ್ಲಿ ಇಷ್ಟು ಇಳಿಸಿದರೆ ಬಯ್ಯುತ್ತಾರೆ. ಇಲ್ಲಿ ಲೆಕ್ಕ ಬೇರೆ. ಪ್ಲೇಟಲ್ಲದ್ದನ್ನು ಮುಚ್ಚಿದರೆ ಒಂದು ಬೂದು ಕಲೆ, ಅಷ್ಟೇ. ಪ್ಲೇಟನ್ನು ಬಿಟ್ಟರೆ ಕೆಲಸವೇ ಕೆಟ್ಟಿತು.

ಆದರೂ ಒಂದು ತಮಾಷೆ ಆಯಿತು. ತಿರುವಿಗೆ ಮೊದಲು ಒಂದು ಹಳದಿ ಎಚ್ಚರಿಕೆ ಫಲಕ ಇತ್ತು. ಮಾಡೆಲ್ ಅದನ್ನೂ ಪ್ಲೇಟು ಅಂದುಕೊಂಡು ಮುಚ್ಚಿ, ಬಿಟ್ಟು, ಮುಚ್ಚಿ, ಬಿಟ್ಟು ಮಿಣುಕಿಸಿತು. ಫಲಕ ಗಿಡಗಂಟಿಯಲ್ಲಿ ಮುಚ್ಚಿಹೋಗಿದೆ ಅನ್ನುವುದೇ ಭಾವನ ದೂರು. ಅದನ್ನೇ ಅಳಿಸಿದರೆ ಕ್ಲಿಪ್ಪು ಯಾಕೆ? ವಾಹನದ ಒಳಗೆ ಬೀಳುವ ಚೌಕಗಳನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಂಡಾಗ ಈ ಕಾಟ ತಪ್ಪಿತು.

ಎರಡನೇ ಓಟದ ಫಲ: ತಪ್ಪಿದ್ದು 9 ಫ್ರೇಮ್ ಮಾತ್ರ. ಶೇಕಡಾ 97.8. ಸೋರಿದ ವಾಹನ ಇನ್ನೂ ನಾಲ್ಕು. ಎರಡೂ ಕಾರು, ಆಟೋ, ಬೈಕು.

ಎದುರಿನ ಕಾರು ಯಾಕೆ ತಪ್ಪಿಸಿಕೊಳ್ಳುತ್ತದೆ

ಇಲ್ಲಿ ನನಗೆ ಒಂದು ಸಂಜೆ ಹಿಡಿಯಿತು. ನಾನು ಪ್ಲೇಟಿನ ಚೌಕಗಳನ್ನು ಫ್ರೇಮಿನಿಂದ ಫ್ರೇಮಿಗೆ ಜೋಡಿಸಿ, ನಡುವೆ ತಪ್ಪಿದ ಕಡೆ ತುಂಬಿಸುವ ಒಂದು ಹೆಜ್ಜೆ ಆಗಲೇ ಹಾಕಿದ್ದೆ. ಲಾರಿಗೂ ಬಸ್ಸಿಗೂ ಅದು ಸರಿಯಾಗಿ ಕೆಲಸ ಮಾಡಿತ್ತು. ಕಾರಿಗೆ ಮಾಡಲಿಲ್ಲ.

ಇಂಥ ಜೋಡಣೆ ನಡೆಯುವ ರೀತಿ ಸರಳ. ಈ ಫ್ರೇಮಿನ ಚೌಕ ಮುಂದಿನ ಫ್ರೇಮಿನ ಚೌಕದ ಮೇಲೆ ಎಷ್ಟು ಕೂರುತ್ತದೆ ಅಂತ ನೋಡುತ್ತಾರೆ. ಸಾಕಷ್ಟು ಕೂತರೆ ಅದೇ ವಸ್ತು, ಇಲ್ಲದಿದ್ದರೆ ಬೇರೆ. ನಿಧಾನ ಚಲಿಸುವುದಕ್ಕೆ ಇದು ಚೆನ್ನ.

ಎದುರಿನ ಕಾರಿನ ಲೆಕ್ಕ ಹಾಕಿ ನೋಡೋಣ. ಭಾವ ಗಂಟೆಗೆ 30 ಕಿಲೋಮೀಟರ್, ಕಾರು 40. ಒಟ್ಟಿಗೆ 70. ಸೆಕೆಂಡಿಗೆ ಸುಮಾರು 19 ಮೀಟರ್, ಒಂದು ಫ್ರೇಮಿಗೆ ಅರವತ್ತೈದು ಸೆಂಟಿಮೀಟರ್. ಕಾರು ನಮ್ಮ ಬಲಕ್ಕೆ 3 ಮೀಟರ್ ದೂರದಲ್ಲಿ ಹಾದುಹೋಗುತ್ತಿದೆ ಅನ್ನೋಣ. ಅದು 4 ಮೀಟರ್ ಮುಂದಿದ್ದಾಗ ಪ್ಲೇಟು ಚಿತ್ರದ ನಡುವಿನಿಂದ 450 ಪಿಕ್ಸೆಲ್ ಬಲಕ್ಕಿದೆ, ಅಗಲ 75. ಮುಂದಿನ ಫ್ರೇಮಿನಲ್ಲಿ ಅದು 537ಕ್ಕೆ ಹೋಗಿದೆ. ಅಂದರೆ 75 ಅಗಲದ ಚೌಕ 87 ಪಿಕ್ಸೆಲ್ ಜಿಗಿಯಿತು. ಹಿಂದಿನ ಚೌಕದ ಮೇಲೆ ಒಂದು ಕೂದಲಷ್ಟೂ ಕೂರುವುದಿಲ್ಲ. ಜೋಡಣೆ ಕಡಿಯಿತು.

ಕಡಿಯುವ ಜಾಗ ನೋಡಿ. ಕಾರು ಅತಿ ಹತ್ತಿರ ಇದ್ದಾಗ, ಅಂದರೆ ನಂಬರು ಅತಿ ಸ್ಪಷ್ಟವಾಗಿ ಓದಲು ಬರುವಾಗ. ದೂರದಲ್ಲಿ ಚೌಕ ಮೆಲ್ಲಗೆ ಜರುಗುತ್ತದೆ, ಜೋಡಣೆ ಗಟ್ಟಿ, ಆದರೆ ಅಲ್ಲಿ ಯಾರಿಗೂ ನಂಬರು ಓದಲು ಬರುವುದಿಲ್ಲ.

ಪರಿಹಾರ ಹೊಳೆದದ್ದು ರಾತ್ರಿ ಕರೆಂಟು ಹೋಗಿ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಾಗ. ಪ್ಲೇಟನ್ನು ಯಾಕೆ ಹಿಂಬಾಲಿಸಬೇಕು? ಕಾರನ್ನು ಹಿಂಬಾಲಿಸಿದರಾಯಿತು. ಅದೇ 4 ಮೀಟರ್ ದೂರದಲ್ಲಿ ಕಾರಿನ ಅಗಲ 250 ಪಿಕ್ಸೆಲ್. 87 ಜರುಗಿದರೂ ಅರ್ಧಕ್ಕೆ ಅರ್ಧ ಹಿಂದಿನದರ ಮೇಲೇ ಕೂರುತ್ತದೆ. ಪ್ಲೇಟು ಕಾರಿಗೆ ಸ್ಕ್ರೂ ಹಾಕಿ ಕೂರಿಸಿದ್ದು, ಕಾರಿನೊಳಗೆ ಅದರ ಜಾಗ ಹೆಚ್ಚು ಬದಲಾಗದು. ಒಂದು ಫ್ರೇಮಿನಲ್ಲಿ ಪ್ಲೇಟು ಕಂಡಿತು ಅಂದರೆ ಕಾರಿನ ಚೌಕದಲ್ಲಿ ಅದು ಎಷ್ಟನೇ ಭಾಗದಲ್ಲಿದೆ ಅಂತ ಬರೆದಿಟ್ಟುಕೊಳ್ಳುವುದು. ಕಾಣದ ಫ್ರೇಮಿನಲ್ಲಿ ಅದೇ ಭಾಗವನ್ನು ಮುಚ್ಚುವುದು.

```python
import numpy as np

def fill(cars, plates):
    # ಎರಡೂ: ಫ್ರೇಮ್ ಸಂಖ್ಯೆ -> (x1, y1, x2, y2)
    known = sorted(f for f in plates if f in cars)
    rel = []
    for f in known:
        c, p = np.array(cars[f], float), np.array(plates[f], float)
        o, s = np.tile(c[:2], 2), np.tile(c[2:] - c[:2], 2)
        rel.append((p - o) / s)
    rel, out = np.array(rel), {}
    for f in cars:
        c = np.array(cars[f], float)
        o, s = np.tile(c[:2], 2), np.tile(c[2:] - c[:2], 2)
        r = np.array([np.interp(f, known, rel[:, k]) for k in range(4)])
        out[f] = o + r * s
    return out
```

ನಡುವೆ ತಪ್ಪಿದ ಫ್ರೇಮುಗಳಿಗೆ `np.interp` ಅಕ್ಕಪಕ್ಕದ ಎರಡರಿಂದ ಅಳತೆ ತೆಗೆಯುತ್ತದೆ. ಪ್ಲೇಟು ಮೊದಲ ಸಲ ಕಾಣುವುದಕ್ಕೂ ಹಿಂದಿನ ಫ್ರೇಮುಗಳಿಗೆ ಮೊದಲನೆಯ ಅಳತೆಯನ್ನೇ ಹಿಡಿದಿಡುತ್ತದೆ, ಕೊನೆಯ ನಂತರ ಕೊನೆಯದನ್ನು. ವಿಡಿಯೋ ಆಗಲೇ ಪೂರ್ತಿ ಕೈಯಲ್ಲಿರುವುದರಿಂದ ಹೀಗೆ ಹಿಂದಕ್ಕೂ ಹೋಗಿ ಮುಚ್ಚಬಹುದು. ನೇರ ಪ್ರಸಾರದಲ್ಲಿ ಈ ಸೌಲಭ್ಯ ಇಲ್ಲ. ಪ್ಲೇಟು ಒಮ್ಮೆಯೂ ಕಾಣದ ವಾಹನಕ್ಕೆ ಈ ಫಂಕ್ಷನ್ ಕೆಲಸಕ್ಕೆ ಬಾರದು. ಅಂಥದ್ದು 120 ಪಿಕ್ಸೆಲ್‌ಗಿಂತ ಅಗಲವಾಗಿ ಕಂಡರೆ ಕೆಳಗಿನ ಅರ್ಧವನ್ನೇ ಮುಚ್ಚಿಬಿಟ್ಟೆ. ಚೆಂದ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

ಎರಡು ಎಚ್ಚರಿಕೆ. ಕಾರು ಚಿತ್ರದ ಅಂಚಿಗೆ ಬಂದಾಗ ಅದರ ಚೌಕ ಅರ್ಧ ಕತ್ತರಿಸುತ್ತದೆ. ಆಗ "ಎಷ್ಟನೇ ಭಾಗ" ಅನ್ನುವ ಲೆಕ್ಕ ತಪ್ಪುತ್ತದೆ, ಬೂದು ಚೌಕ ಬಾಗಿಲಿನ ಮೇಲೆ ಹೋಗಿ ಕೂರುತ್ತದೆ. ಚೌಕ ಅಂಚಿಗೆ ತಾಗಿದ ಕೂಡಲೇ ಅಲ್ಲೂ ಕೆಳಗಿನ ಅರ್ಧ ಮುಚ್ಚುವುದು ಕ್ಷೇಮ. ಇನ್ನೊಂದು ವೈಪರು. ಮಳೆಯಲ್ಲಿ ಅದು ಎರಡು ಮೂರು ಫ್ರೇಮಿಗೆ ಕಾರನ್ನೇ ಮರೆ ಮಾಡುತ್ತದೆ, ಸರಿದ ತಕ್ಷಣ ಗಾಜು ಶುಭ್ರ, ನಂಬರು ಕನ್ನಡಿಯಲ್ಲಿ ಕಂಡ ಹಾಗೆ. ವಾಹನ ಹಿಂಬಾಲಿಸುವ ಪ್ರೋಗ್ರಾಮು ಕಳೆದುಹೋದದ್ದನ್ನು 30 ಫ್ರೇಮಿನವರೆಗೆ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಸರಣಿ ಕಡಿಯಲಿಲ್ಲ. ನಡುವಿನ ಕಾರಿನ ಚೌಕಗಳನ್ನೂ ಇದೇ ರೀತಿ ತುಂಬಿಸಿದೆ.

ಆಟೋ, ರೇನ್‌ಕೋಟು, ಲಾರಿಯ ಬೆನ್ನು

ಮೂರನೇ ಓಟದಲ್ಲಿ ಎರಡೇ ಫ್ರೇಮ್ ತಪ್ಪಿದವು. ಎರಡೂ ಆಟೋದ್ದು. ಕಾರಣ ನಗು ಬರಿಸುವಂಥದ್ದು. ವಾಹನ ಗುರುತಿಸಲು ನಾನು ಬಳಸಿದ ಮಾಡೆಲ್ ಕೋಕೋ ಅನ್ನುವ ಚಿತ್ರಸಂಗ್ರಹದಿಂದ ಕಲಿತದ್ದು. ಅದರ ಎಂಬತ್ತು ಬಗೆಯ ವಸ್ತುಗಳಲ್ಲಿ ಜಿರಾಫೆ ಇದೆ, ಟೋಸ್ಟರ್ ಇದೆ, ಆಟೋರಿಕ್ಷಾ ಇಲ್ಲ. ನಮ್ಮ ಆಟೋ ಒಂದು ಫ್ರೇಮಿನಲ್ಲಿ ಕಾರು, ಮುಂದಿನದರಲ್ಲಿ ಲಾರಿ, ಆಮೇಲೆ ಏನೂ ಅಲ್ಲ. ಹೆಸರು ಏನೇ ಬಂದರೂ ಒಂದೇ ವಾಹನ ಅಂತ ಹಿಡಿಯುವ ಹಾಗೆ ಮಾಡಿದೆ. ಏನೂ ಅಲ್ಲ ಅಂದ ಎರಡು ಫ್ರೇಮಿಗೆ ಕೈಯಿಂದಲೇ ಚೌಕ ಬರೆದೆ. ನಮ್ಮ ಕಡೆಯ ರಸ್ತೆಗೆ ಇದನ್ನು ದಿನಾ ಬಳಸುವವರು ಆಟೋದ ಚಿತ್ರಗಳನ್ನು ಕೊಟ್ಟು ಮಾಡೆಲಿಗೆ ಮತ್ತೆ ಕಲಿಸಲೇಬೇಕು.

ಬೈಕಿನದ್ದು ಬೇರೆ ಸಮಸ್ಯೆ ಇತ್ತು. ಸವಾರನ ರೇನ್‌ಕೋಟು ಹಿಂದಕ್ಕೆ ಇಳಿಬಿದ್ದು ಪ್ಲೇಟಿನ ಮೇಲಿನ ಸಾಲನ್ನು ಮುಚ್ಚಿತ್ತು. ಕೆಳಗಿನ ನಾಲ್ಕು ಅಂಕಿ ಮಾತ್ರ ಹೊರಗೆ. ಮಾಡೆಲಿಗೆ ಅದು ಪ್ಲೇಟಿನ ಆಕಾರವಲ್ಲ. ನೋಡುವವನಿಗೆ ಮಾತ್ರ ನಾಲ್ಕು ಅಂಕಿ, ಬೈಕಿನ ಬಣ್ಣ, ಊರು ಇಷ್ಟು ಸಾಕು. ಬೈಕಿನ ಚೌಕವನ್ನು ಹಿಂಬಾಲಿಸಿದಾಗ ಇದೂ ಮುಚ್ಚಿತು.

ಅಷ್ಟು ಹೊತ್ತಿಗೆ ಗೆದ್ದೆ ಅಂದುಕೊಂಡಿದ್ದೆ. ಚಹಾ ಕುಡಿದು ಬಂದು ಲಾರಿಯನ್ನು ನೋಡುತ್ತೇನೆ, ಪ್ಲೇಟು ಬೂದು ಬಣ್ಣದಲ್ಲಿ ಅಚ್ಚುಕಟ್ಟಾಗಿ ಮುಚ್ಚಿದೆ, ಅದರ ಮೇಲೆ ಹಿಂಬದಿಯ ಹಲಗೆಯಲ್ಲಿ ಅದೇ ನಂಬರು ಗೇಣುದ್ದದ ಅಕ್ಷರದಲ್ಲಿ ಪೇಂಟ್ ಮಾಡಿದೆ! ಪಕ್ಕದಲ್ಲಿ ಮಾಲೀಕರ ಮೊಬೈಲ್ ನಂಬರು. ನನ್ನ 412ರ ಲೆಕ್ಕದಲ್ಲಿ ಇದು ಇರಲೇ ಇಲ್ಲ. ನಾನು ಎಣಿಸಿದ್ದು ಪ್ಲೇಟನ್ನು, ಮುಚ್ಚಬೇಕಾದದ್ದು ನಂಬರನ್ನು. ತಪ್ಪು ಮಾಡೆಲಿನದ್ದಲ್ಲ, ಕಾಗದದ್ದು. ನಮ್ಮಲ್ಲಿ ಲಾರಿ, ಟಿಪ್ಪರುಗಳ ಬೆನ್ನಿಗೂ ಬದಿಗೂ ನಂಬರು ಬರೆದಿರುತ್ತದೆ ಅನ್ನುವುದು ಹುಟ್ಟಿದಾಗಿನಿಂದ ನೋಡುತ್ತಿರುವ ಸಂಗತಿ. ಆದರೂ ಕಣ್ಣಿಗೆ ಬಿದ್ದಿರಲಿಲ್ಲ.

ಇಲ್ಲಿ ಮೇಲಿನ ಫಂಕ್ಷನ್ ಎರಡನೇ ಸಲ ಕೈಹಿಡಿಯಿತು. ನಾಲ್ಕು ಫ್ರೇಮುಗಳಲ್ಲಿ ಮಾತ್ರ ಪೇಂಟಿನ ಜಾಗಕ್ಕೆ ನಾನೇ ಚೌಕ ಬರೆದು ಅದಕ್ಕೆ ಕೊಟ್ಟೆ. ಲಾರಿಯ ಚೌಕವನ್ನು ಹಿಡಿದುಕೊಂಡು ಉಳಿದ ಎಲ್ಲ ಫ್ರೇಮುಗಳನ್ನು ಅದೇ ಮುಚ್ಚಿತು.

ಮಸುಕಲ್ಲ, ಬಳಿಯುವುದು

ಭಾವನಿಗೆ ಬೂದು ಚೌಕ ಹಿಡಿಸಲಿಲ್ಲ. "ಟಿವಿಯಲ್ಲಿ ಚೌಕ ಚೌಕ ಮಾಡ್ತಾರಲ್ಲ, ಹಾಗೆ ಮಾಡು" ಅಂದರು. ಮಾಡಲಿಲ್ಲ, ಕಾರಣ ಇದೆ.

ಚೌಕ ಚೌಕ ಮಾಡುವುದು ಅಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುವುದು. ಸರಾಸರಿಯಲ್ಲಿ ಮೂಲದ ಸುಳಿವು ಉಳಿದಿರುತ್ತದೆ. ಮುಖವಾದರೆ ಊಹೆ ಕಷ್ಟ. ನಂಬರ್ ಪ್ಲೇಟಿನ ಅಕ್ಷರದ ಆಕಾರ, ಜಾಗ, ಕ್ರಮ ಎಲ್ಲ ಮೊದಲೇ ಗೊತ್ತು. ಶಿರಸಿಯ ಗಾಡಿ ಅಂದರೆ ಕೆಎ 31, ಕಾರವಾರ 30, ಹೊನ್ನಾವರ 47. ಕೊನೆಯ ನಾಲ್ಕು ಅಂಕಿಗೆ ಇರುವುದು ಹತ್ತು ಸಾವಿರ ಸಾಧ್ಯತೆ. ಒಂದೊಂದನ್ನೂ ಬರೆದು, ಅದೇ ರೀತಿ ಚೌಕ ಮಾಡಿ, ಯಾವುದು ಹೊಂದುತ್ತದೆ ಅಂತ ಕಂಪ್ಯೂಟರಿಗೆ ನೋಡಲು ಹೆಚ್ಚು ಹೊತ್ತು ಬೇಡ. ಅದರ ಮೇಲೆ ಇದು ವಿಡಿಯೋ. ಗಾಡಿ ಅಲುಗಿದಾಗ ಪ್ರತಿ ಫ್ರೇಮಿನಲ್ಲೂ ಚೌಕಗಳು ಅಕ್ಷರದ ಬೇರೆ ಬೇರೆ ಜಾಗದ ಮೇಲೆ ಬೀಳುತ್ತವೆ. ಒಂದು ಫ್ರೇಮ್ ಮುಚ್ಚಿದ್ದನ್ನು ಇನ್ನೊಂದು ಸ್ವಲ್ಪ ಸ್ವಲ್ಪ ಹೇಳಿಕೊಡುತ್ತದೆ. ಲಾರಿಯದ್ದು 300 ಫ್ರೇಮ್ ಇದೆ ಅನ್ನುವುದನ್ನು ಮರೆಯಬೇಡಿ.

ಒಂದೇ ಬಣ್ಣ ಬಳಿದರೆ ಅಲ್ಲಿ ಉಳಿಯುವುದು ಏನೂ ಇಲ್ಲ. ಪ್ಲೇಟಿನ ಚೌಕವನ್ನು ಸುತ್ತಲೂ ಶೇಕಡಾ 15 ಹಿಗ್ಗಿಸಿಯೇ ಬಳಿದೆ. ವಾಲಿದ ಪ್ಲೇಟಿನ ಮೂಲೆ ಇಣುಕುತ್ತಿತ್ತು.

ಅಕ್ಕ ಹಿಡಿದ ತಪ್ಪು

ಈ ತನಕ ಎಲ್ಲ ಪರೀಕ್ಷೆಯೂ ಮೂಕ ವಿಡಿಯೋದಲ್ಲಿ ನಡೆದಿತ್ತು. ಫ್ರೇಮುಗಳನ್ನು ಓಪನ್‌ಸಿವಿಯಿಂದ ಬರೆದರೆ ಧ್ವನಿ ಜೊತೆಗೆ ಬರುವುದಿಲ್ಲ. ಕೊನೆಗೆ ಮೂಲದಿಂದ ಧ್ವನಿಯನ್ನು ತಂದು ಸೇರಿಸಿದೆ. ಲಾರಿಯ ಹಾರ್ನು, ಭಾವನ ಬ್ರೇಕು ಕೇಳಬೇಕಿತ್ತು. ಕುಮಟಾಕ್ಕೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅಕ್ಕನ ಫೋನು.

"ತಮ್ಮಾ, ನಂಬರು ಮುಚ್ಚಿದ್ದೀಯ, ಸರಿ. ಇವರು ಬಾಯಲ್ಲೇ ಹೇಳ್ತಾ ಇದ್ದಾರಲ್ಲೋ!"

ಹೌದು. ಬೈಕಿನವನು ಬಿದ್ದ ಕೂಡಲೇ ಭಾವ, ಮರೆತುಹೋಗದಿರಲಿ ಅಂತ, ಲಾರಿಯ ನಂಬರನ್ನು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡಿದ್ದಾರೆ. ಮೂರು ಸಂಜೆ ನಾನು ಪಿಕ್ಸೆಲ್ ಎಣಿಸುತ್ತಿದ್ದೆ.

ಆಮೇಲೆ ಉಳಿದದ್ದನ್ನೂ ಹುಡುಕಿದೆ. ಚಿತ್ರದ ಕೆಳಗಿನ ಪಟ್ಟಿಯಲ್ಲಿ ಕ್ಯಾಮೆರಾ ತಾನೇ ದಿನಾಂಕ, ವೇಗ, ಅಕ್ಷಾಂಶ ರೇಖಾಂಶ ಬರೆಯುತ್ತದೆ. ಅಲ್ಲೇ ಭಾವನ ಟ್ಯಾಕ್ಸಿಯ ನಂಬರೂ ಇತ್ತು, ಕ್ಯಾಮೆರಾ ಕೂರಿಸಿದ ಹುಡುಗ ಟೈಪ್ ಮಾಡಿಕೊಟ್ಟಿದ್ದ. ಊರವರ ಗಾಡಿಯೆಲ್ಲ ಮುಚ್ಚಿ ನಮ್ಮದನ್ನೇ ಅಚ್ಚು ಹಾಕಿ ಕಳಿಸುವುದರಲ್ಲಿದ್ದೆವು. ಕೆಳಗಿನ 60 ಪಿಕ್ಸೆಲ್ ಕತ್ತರಿಸಿದೆ. ಇನ್ನು ಫೈಲಿನ ಒಳಗೆ ಕಣ್ಣಿಗೆ ಕಾಣದ ಜಿಪಿಎಸ್ ದಾಖಲೆ ಇರಬಹುದು. ಚಿತ್ರ ಮತ್ತು ಧ್ವನಿ ಎರಡನ್ನೇ ಆರಿಸಿ ಹೊಸದಾಗಿ ಬರೆದರೆ ಅದು ಹೊಸ ಫೈಲಿಗೆ ಬರುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ:

```
ffmpeg -i masked.mp4 -i original.mp4 -map 0:v:0 -map 1:a:0 \
  -vf "crop=iw:ih-60:0:0" \
  -af "volume=enable='between(t,21.4,25.0)':volume=0" \
  -map_metadata -1 -c:v libx264 -crf 23 -c:a aac out.mp4
```

21.4ರಿಂದ 25ನೇ ಸೆಕೆಂಡಿನವರೆಗೆ ಭಾವ ಮೌನ. ಹಾರ್ನು ಅದಕ್ಕೂ ಮೊದಲೇ ಇದ್ದದ್ದರಿಂದ ಉಳಿಯಿತು.

ಕೊನೆಯ ತಪಾಸಣೆ

ಮುಚ್ಚಿದ ವಿಡಿಯೋವನ್ನು ಅದೇ ಪ್ಲೇಟ್ ಮಾಡೆಲಿಗೆ ಮತ್ತೆ ಕೊಟ್ಟು "ಏನಾದರೂ ಉಳಿದಿದೆಯಾ" ಅಂತ ಕೇಳುವುದು ಸುಲಭದ ದಾರಿ. ಅದು ಮೋಸ. ಮೊದಲ ಸಲ ಯಾವುದನ್ನು ಕಾಣಲಿಲ್ಲವೋ ಅದನ್ನು ಎರಡನೇ ಸಲವೂ ಕಾಣುವುದಿಲ್ಲ, ಎಲ್ಲ ಸರಿಯಿದೆ ಅನ್ನುತ್ತದೆ. ನಾನು ಮಾಡಿದ್ದು ಬೇರೆ. ಕೊನೆಯ `out.mp4`ನಿಂದ, 120 ಪಿಕ್ಸೆಲ್‌ಗಿಂತ ಅಗಲವಾಗಿ ಕಾಣುವ ಪ್ರತಿಯೊಂದು ವಾಹನವನ್ನೂ ಕತ್ತರಿಸಿ, ವಾಹನಕ್ಕೊಂದು ಹಾಳೆಯಂತೆ ಚಿಕ್ಕ ಚಿತ್ರಗಳನ್ನು ಸಾಲಾಗಿ ಜೋಡಿಸಿದೆ. ಬೂದು ಚೌಕ ಇಲ್ಲದ ಚಿತ್ರ ಆ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಎದ್ದು ಕಾಣುತ್ತದೆ. ಲಾರಿಯ 300 ಚಿತ್ರ ನೋಡಲು ಎರಡು ನಿಮಿಷ ಸಾಕಾಯಿತು. ವಾಹನವೇ ಅಲ್ಲ ಅಂತ ಮಾಡೆಲ್ ಬಿಟ್ಟದ್ದು ಈ ಹಾಳೆಯಲ್ಲೂ ಬರುವುದಿಲ್ಲ, ಆ ಆಟೋದ ಹಾಗೆ. ಅದಕ್ಕೆ ಕ್ಲಿಪ್ಪನ್ನು ಪೂರ್ತಿ ಒಮ್ಮೆ ಕಾಲು ವೇಗದಲ್ಲಿ ನೋಡಲೇಬೇಕು. 48 ಸೆಕೆಂಡಿನದ್ದಕ್ಕೆ ಮೂರು ನಿಮಿಷ ಚಿಲ್ಲರೆ. ಒಂದು ಗಂಟೆಯ ಪ್ರಯಾಣದ ವಿಡಿಯೋ ಹಾಕುವವರಿಗೆ ಇದು ಆಗದ ಮಾತು. ಅವರಿಗೆ ನನ್ನ ಸಲಹೆ ಒಂದೇ, ಬೇಕಾದಷ್ಟೇ ಕತ್ತರಿಸಿ ಹಾಕಿ.

ಮೂಲ ಫೈಲಿನ ವಿಷಯ. ಡ್ಯಾಶ್‌ಕ್ಯಾಮ್ ಕಾರ್ಡು ತುಂಬಿದರೆ ಹಳೆಯದರ ಮೇಲೆಯೇ ಬರೆಯುತ್ತದೆ. ಭಾವ ಅವತ್ತೇ ಕಾರ್ಡು ತೆಗೆದಿಟ್ಟದ್ದು ಒಳ್ಳೆಯದಾಯಿತು. ಪೊಲೀಸರಿಗೆ ಕೊಡುವುದು ಮುಚ್ಚದ, ಕತ್ತರಿಸದ, ಧ್ವನಿ ಇರುವ ಫೈಲು. ನಕಲು ಮಾಡಿದ ಕೂಡಲೇ `sha256sum` ಓಡಿಸಿ ಬಂದ ಸಾಲನ್ನು, ಅಂದರೆ ಫೈಲು ಒಂದಿಷ್ಟು ಬದಲಾದರೂ ತಾನೂ ಬದಲಾಗುವ ಹ್ಯಾಷನ್ನು, ಬರೆದಿಟ್ಟೆವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಇಂಥ ಹ್ಯಾಷ್ ಬರೆಯಲು ಜಾಗವೇ ಇದೆ. ಹಂಚುವ ಫೈಲನ್ನು ಬೇರೆ ಫೋಲ್ಡರಿನಲ್ಲಿಟ್ಟು, ಮೂಲದ ಮೇಲೆ ಯಾವ ಪ್ರೋಗ್ರಾಮೂ ಬರೆಯದ ಹಾಗೆ ಮಾಡಿದೆ.

ಕ್ಲಿಪ್ಪು ನಾಲ್ಕನೇ ದಿನ ಗ್ರೂಪಿಗೆ ಹೋಯಿತು. ಮೊದಲು ಬಂದ ಉತ್ತರ "ಯಾರದ್ದು ಲಾರಿ?" ಎರಡನೆಯದು ಕತಗಾಲದ ಕಡೆಯವರೊಬ್ಬರದ್ದು, ಅದೇ ತಿರುವಿನಲ್ಲಿ ತಮ್ಮ ಸ್ಕೂಟರು ಜಾರಿದ ಕಥೆ. ಆಮೇಲೆ ಮಾತು ಫಲಕ, ಗಿಡಗಂಟಿಗಳ ಕಡೆಗೆ ತಿರುಗಿತು. ಲಾರಿಯ ಸುದ್ದಿ ಮತ್ತೆ ಬರಲಿಲ್ಲ.

ಮೊನ್ನೆ ಭಾವ ಇನ್ನೊಂದು ಕ್ಲಿಪ್ಪು ಕಳಿಸಿದ್ದಾರೆ, ಹೊನ್ನಾವರದ ಹತ್ತಿರದ್ದು. ಈ ಸಲ ಮೊದಲು ಕಣ್ಣು ಮುಚ್ಚಿ ಧ್ವನಿ ಕೇಳಿದೆ. ಆರನೇ ಸೆಕೆಂಡಿಗೆ, ಸ್ಪಷ್ಟವಾಗಿ, "ಕೆಎ ನಲವತ್ತೇಳು..."